ಬಾಕಿ ಕೂಲಿಗೆ ಬೇಕಾದದ್ದು ಬಿನ್ನಹವಲ್ಲ, ದಿನಗಳ ಲೆಕ್ಕ

ನಮ್ಮ ಕಾಲೇಜಿನಲ್ಲಿ ಹಳ್ಳಿಯಿಂದ ಬಸ್ಸಿನಲ್ಲಿ ಬರುವವರು ಅರ್ಧಕ್ಕಿಂತ ಹೆಚ್ಚು ಜನ ಇದ್ದೇವೆ. ಮನೆಯಲ್ಲಿ ಉರ್ದು ಮಾತಾಡುವವರಿಗೆ ಇನ್ನೊಂದು ಕೆಲಸ ತಾನಾಗಿಯೇ ಗಂಟು ಬೀಳುತ್ತದೆ. ಕನ್ನಡದಲ್ಲಿ ಅರ್ಜಿ ಬರೆಯಬೇಕಾದಾಗಲೆಲ್ಲ ಇಡೀ ಓಣಿಯವರು ನಮ್ಮನ್ನೇ ಕರೆಯುತ್ತಾರೆ. ರೇಷನ್ ಕಾರ್ಡ್‌ನಲ್ಲಿ ಹೆಸರು ತಪ್ಪಾಗಿದ್ದರೂ ನಾವೇ, ಪಿಂಚಣಿ ನಿಂತರೂ ನಾವೇ. ಈ ಜೂನ್ ತಿಂಗಳಲ್ಲಿ ನನ್ನ ಕೈಗೆ ಬಂದದ್ದು ಉದ್ಯೋಗ ಖಾತರಿಯ ಬಾಕಿ ಕೂಲಿ. ಅದರಿಂದ ನನಗೆ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಕೂಲಿ ತಡವಾದಾಗ ಪಂಚಾಯಿತಿಗೆ ಬರೆಯುವ ಪತ್ರ ಬೇಡಿಕೊಳ್ಳುವ ಪತ್ರ ಆಗಬಾರದು. ಅದು ಯಾವ ದಿನ ಏನಾಯಿತು ಎಂದು ತೋರಿಸುವ ಲೆಕ್ಕದ ಪತ್ರ ಆಗಬೇಕು. ಹಾಗೆ ಬರೆಯದಿದ್ದರೆ ತಡ ಮಾಡಿದವರು ಯಾರು ಎಂಬುದು ಕೊನೆಯವರೆಗೂ ಗೊತ್ತಾಗುವುದಿಲ್ಲ.

ನನ್ನ ಖಾಲಾ ಮತ್ತು ಅವರ ಗುಂಪಿನ ಹದಿನಾಲ್ಕು ಹೆಂಗಸರು 2024ರ ಮೇ 13ರಿಂದ 18ರವರೆಗೆ ಆರು ದಿನ ಊರ ಕೆರೆಯ ಹೂಳೆತ್ತುವ ಕೆಲಸ ಮಾಡಿದರು. 2024ರ ಏಪ್ರಿಲ್‌ನಿಂದ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿಯ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ತೋಡಿದ ಮಣ್ಣಿನ ಅಳತೆ ಸರಿಯಾಗಿದ್ದರೆ ಆರು ದಿನಕ್ಕೆ ಒಬ್ಬರಿಗೆ 2,094 ರೂಪಾಯಿ ಬರಬೇಕು. ಜೂನ್ ಬಂತು, ಶಾಲೆ ಶುರುವಾಯಿತು, ನೋಟ್‌ಬುಕ್ ಕೊಳ್ಳಬೇಕು, ದುಡ್ಡು ಬರಲಿಲ್ಲ. ಜೂನ್ 10ರಂದು ಅವರೆಲ್ಲ ತಾಲ್ಲೂಕು ಕಚೇರಿ ಮುಂದಿನ ಟೈಪಿಂಗ್ ಅಂಗಡಿಯಲ್ಲಿ ಒಂದು ಅರ್ಜಿ ಬರೆಸಿ ಗ್ರಾಮ ಪಂಚಾಯಿತಿಗೆ ಕೊಟ್ಟರು. ಅದರಲ್ಲಿ ಇದ್ದದ್ದು ಇಷ್ಟೇ: ನಾವು ಬಡವರು, ಕೂಲಿಯನ್ನೇ ನಂಬಿದ್ದೇವೆ, ತಾವು ದಯಮಾಡಿ ಬೇಗ ಕೂಲಿ ಕೊಡಿಸಬೇಕೆಂದು ಬೇಡಿಕೊಳ್ಳುತ್ತೇವೆ. ಉತ್ತರ ಬಾಯಿಮಾತಿನಲ್ಲಿ ಬಂತು: "ಮೇಲಿಂದ ದುಡ್ಡು ಬಂದಿಲ್ಲಮ್ಮ, ಬಂದ ಕೂಡಲೇ ಹಾಕ್ತೀವಿ." ಅರ್ಜಿಗೆ ಸ್ವೀಕೃತಿ ಕೊಡಲಿಲ್ಲ, ಇವರೂ ಕೇಳಲಿಲ್ಲ.

ಆ ಅರ್ಜಿಯಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೆ ಉತ್ತರ ಕೊಡಲೇಬೇಕಾದ ಪ್ರಶ್ನೆಯೂ ಒಂದೂ ಇರಲಿಲ್ಲ. ಬಡತನಕ್ಕೆ ಸಮಾಧಾನ ಹೇಳಿ ಕಳಿಸಬಹುದು, ತಾರೀಖಿಗೆ ಸಮಾಧಾನ ಹೇಳಲು ಆಗುವುದಿಲ್ಲ. "ಮೇಲಿಂದ ಬಂದಿಲ್ಲ" ಎಂಬ ಮಾತು ನಿಜವೋ ಅಲ್ಲವೋ ಎಂದು ಪರೀಕ್ಷಿಸಬೇಕಾದರೆ ಈ ದುಡ್ಡು ಯಾವ ದಾರಿಯಲ್ಲಿ ಬರುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು.

ದಾರಿ ಹೀಗಿದೆ. ವಾರದ ಕೆಲಸಕ್ಕೆ ಒಂದು ಹಾಜರಿ ಪಟ್ಟಿ ಇರುತ್ತದೆ. ಪಂಚಾಯಿತಿಯವರು ಅದನ್ನು ಎನ್‌ಎಂಆರ್ ಎನ್ನುತ್ತಾರೆ, ಪ್ರತಿ ಪಟ್ಟಿಗೂ ಒಂದು ಸಂಖ್ಯೆ ಇರುತ್ತದೆ. ಗುಂಪಿನ ಕಾಯಕ ಬಂಧು ದಿನಕ್ಕೆ ಎರಡು ಸಲ ಮೊಬೈಲ್ ಆ್ಯಪ್‌ನಲ್ಲಿ ಫೋಟೋ ತೆಗೆದು ಹಾಜರಿ ಹಾಕುತ್ತಾರೆ. ವಾರ ಮುಗಿದ ದಿನ ಪಟ್ಟಿ ಮುಚ್ಚುತ್ತದೆ. ಆಮೇಲೆ ಎಂಜಿನಿಯರ್ ಬಂದು ಎಷ್ಟು ಮಣ್ಣು ತೆಗೆದಿದ್ದಾರೆ ಎಂದು ಅಳೆದು ಅಳತೆ ಪುಸ್ತಕದಲ್ಲಿ ಬರೆಯಬೇಕು. ಅಳತೆ ಬರೆದ ಮೇಲೆ ಕಂಪ್ಯೂಟರ್‌ನಲ್ಲಿ ಕೂಲಿ ಪಟ್ಟಿ ತಯಾರಾಗುತ್ತದೆ. ಕೊನೆಗೆ ಹಣ ವರ್ಗಾವಣೆ ಆದೇಶ, ಅಂದರೆ ಎಫ್‌ಟಿಒ, ಸಿದ್ಧವಾಗಿ ಅದಕ್ಕೆ ಎರಡು ಡಿಜಿಟಲ್ ಸಹಿ ಬೀಳುತ್ತವೆ. ಇಲ್ಲಿಯವರೆಗಿನದು ಮೊದಲ ಹಂತ. ಇದು ಪಂಚಾಯಿತಿ ಮತ್ತು ತಾಲ್ಲೂಕಿನ, ಒಟ್ಟಿನಲ್ಲಿ ರಾಜ್ಯದ ಜವಾಬ್ದಾರಿ. ಇದಕ್ಕೆ ಇಟ್ಟಿರುವ ಗಡುವು ಪಟ್ಟಿ ಮುಚ್ಚಿದ ಮೇಲೆ ಎಂಟು ದಿನ.

ಎರಡನೇ ಸಹಿ ಬಿದ್ದ ಮೇಲೆ ಆದೇಶ ದೆಹಲಿಗೆ ಹೋಗುತ್ತದೆ. 2005ರ ಕಾಯ್ದೆಯಡಿ ಉದ್ಯೋಗ ಖಾತರಿಯ ಕೂಲಿಯ ಹಣ ಪೂರ್ತಿ ಕೇಂದ್ರ ಸರ್ಕಾರದ್ದು, ಅಲ್ಲಿಂದ ಅದು ನೇರವಾಗಿ ಕೆಲಸಗಾರರ ಖಾತೆಗೆ ಬರುತ್ತದೆ. ಇದು ಎರಡನೇ ಹಂತ, ಇದಕ್ಕೆ ಏಳು ದಿನ. ಎಂಟು ಮತ್ತು ಏಳು ಸೇರಿದರೆ ಹದಿನೈದು. ಹದಿನೈದು ದಿನ ಎಂಬುದು ಯಾರೋ ಕೊಟ್ಟ ಭರವಸೆ ಅಲ್ಲ, 2005ರ ಉದ್ಯೋಗ ಖಾತರಿ ಕಾಯ್ದೆಯ ಮೂರನೇ ಕಲಮಿನಲ್ಲೇ ಇದೆ. ಕೂಲಿಯನ್ನು ವಾರಕ್ಕೊಮ್ಮೆ ಕೊಡಬೇಕು, ಏನೇ ಆದರೂ ಕೆಲಸ ಮಾಡಿ ಹದಿನೈದು ದಿನ ದಾಟಬಾರದು.

ಹಾಗಾದರೆ ನಮ್ಮ ಹದಿನಾಲ್ಕು ಜನರ ದುಡ್ಡು ಎಲ್ಲಿ ನಿಂತಿತ್ತು? ಇದನ್ನು ತಿಳಿಯಲು ಯಾರ ಅನುಮತಿಯೂ ಬೇಕಿಲ್ಲ. ಉದ್ಯೋಗ ಖಾತರಿಯ ಸರ್ಕಾರಿ ತಾಣದಲ್ಲಿ ರಾಜ್ಯ, ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಎಂದು ಒಂದೊಂದಾಗಿ ಒತ್ತುತ್ತ ಹೋದರೆ ಜಾಬ್ ಕಾರ್ಡ್‌ಗಳ ಪಟ್ಟಿ ಸಿಗುತ್ತದೆ. ಖಾಲಾ ಅವರ ಕಾರ್ಡ್ ತೆರೆದರೆ ಯಾವ ವಾರ ಎಷ್ಟು ದಿನ ಕೆಲಸ, ಎನ್‌ಎಂಆರ್ ಸಂಖ್ಯೆ ಯಾವುದು, ಎಫ್‌ಟಿಒ ಯಾವಾಗ ಆಯಿತು ಎಲ್ಲವೂ ಕಾಣುತ್ತದೆ. ಜೂನ್ 30ರ ಭಾನುವಾರ ಮೊಬೈಲ್‌ನಲ್ಲೇ ನೋಡಿದೆವು. ಪಟ್ಟಿ ಮುಚ್ಚಿದ್ದು ಮೇ 18. ಎಫ್‌ಟಿಒಗೆ ಎರಡನೇ ಸಹಿ ಬಿದ್ದದ್ದು ಜೂನ್ 20. ಎಂಟು ದಿನದ ಕೆಲಸಕ್ಕೆ ಮೂವತ್ತಮೂರು ದಿನ ಹಿಡಿದಿತ್ತು. "ಮೇಲಿಂದ ಬಂದಿಲ್ಲ" ಎಂದು ಜೂನ್ 10ರಂದು ಹೇಳಿದಾಗ ದುಡ್ಡು ಕಳಿಸಿ ಎಂಬ ಆದೇಶವೇ ಇಲ್ಲಿಂದ ಮೇಲೆ ಹೋಗಿರಲಿಲ್ಲ.

ಇಷ್ಟು ಗೊತ್ತಾದ ಮೇಲೆ ಪತ್ರ ತಾನಾಗಿಯೇ ಬದಲಾಯಿತು. ಜುಲೈ 1ರಂದು ಕೊಟ್ಟ ಪತ್ರವನ್ನು ಹೆಸರು, ಸಂಖ್ಯೆ ತೆಗೆದು ಇಲ್ಲಿ ಕೊಡುತ್ತಿದ್ದೇನೆ. ಬೇಕಾದವರು ಇದನ್ನೇ ತಿದ್ದಿಕೊಂಡು ಬಳಸಬಹುದು.

ಇವರಿಗೆ,
ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು,
ಗ್ರಾಮ ಪಂಚಾಯಿತಿ ಕಾರ್ಯಾಲಯ.

ವಿಷಯ: 13-5-2024ರಿಂದ 18-5-2024ರವರೆಗಿನ ಕೂಲಿ ಬಾಕಿ ಹಾಗೂ ವಿಳಂಬ ಪರಿಹಾರದ ಬಗ್ಗೆ.

ಮಾನ್ಯರೇ,

ಕೆಳಗೆ ಸಹಿ ಮಾಡಿರುವ ನಾವು ಹದಿನಾಲ್ಕು ಜನ ಮೇಲಿನ ಆರು ದಿನ ಕೆರೆ ಹೂಳೆತ್ತುವ ಕಾಮಗಾರಿಯಲ್ಲಿ ಕೆಲಸ ಮಾಡಿರುತ್ತೇವೆ. ನಮ್ಮ ಜಾಬ್ ಕಾರ್ಡ್ ಸಂಖ್ಯೆ, ಎನ್‌ಎಂಆರ್ ಸಂಖ್ಯೆ ಮತ್ತು ಕಾಮಗಾರಿಯ ಸಂಖ್ಯೆಯನ್ನು ಹೆಸರಿನ ಎದುರು ಬರೆದಿದ್ದೇವೆ. ಹಾಜರಿ ಪಟ್ಟಿ 18-5-2024ಕ್ಕೆ ಮುಚ್ಚಿದೆ. ಕಾಯ್ದೆಯ ಪ್ರಕಾರ ಜೂನ್ 2ರೊಳಗೆ ಕೂಲಿ ಬರಬೇಕಿತ್ತು. ಈವರೆಗೆ ಬಂದಿಲ್ಲ.

ಕೆಳಗಿನ ಮೂರು ವಿಷಯಗಳಿಗೆ ಲಿಖಿತ ಉತ್ತರ ಕೊಡಬೇಕಾಗಿ ಕೋರುತ್ತೇವೆ.

ಒಂದು, ಈ ಕೆಲಸದ ಅಳತೆಯನ್ನು ಯಾವ ತಾರೀಖಿಗೆ ಬರೆಯಲಾಯಿತು? ಎಫ್‌ಟಿಒ ಎಂಟು ದಿನದೊಳಗೆ ಆಗದೆ 20-6-2024ಕ್ಕೆ ಆಗಲು ಕಾರಣವೇನು?

ಎರಡು, ಆ ಎಫ್‌ಟಿಒ ಈಗ ಯಾವ ಹಂತದಲ್ಲಿದೆ? ನಮ್ಮಲ್ಲಿ ಯಾರದಾದರೂ ಪಾವತಿ ತಿರಸ್ಕಾರ ಆಗಿದ್ದರೆ ಅವರ ಹೆಸರು ಮತ್ತು ಕಾರಣವೇನು?

ಮೂರು, ಹಾಜರಿ ಪಟ್ಟಿ ಮುಚ್ಚಿದ ಹದಿನಾರನೇ ದಿನದ ನಂತರ, ಅಂದರೆ ಜೂನ್ 4ರಿಂದ, ಬಾಕಿ ಕೂಲಿಯ ಮೇಲೆ ದಿನಕ್ಕೆ ಶೇಕಡಾ 0.05ರಂತೆ ಪರಿಹಾರ ಸಲ್ಲಬೇಕು. ಅದನ್ನು ಲೆಕ್ಕ ಹಾಕಲಾಗಿದೆಯೇ? ನಿರಾಕರಿಸಿದ್ದರೆ ಯಾರು, ಯಾವ ಕಾರಣಕ್ಕೆ ನಿರಾಕರಿಸಿದ್ದಾರೆ?

ಈ ಪತ್ರದ ಎರಡನೇ ಪ್ರತಿಗೆ ತಾರೀಖು, ಸಹಿ ಮತ್ತು ಮೊಹರು ಹಾಕಿ ಸ್ವೀಕೃತಿ ಕೊಡಬೇಕೆಂದು ವಿನಂತಿ.

ಪ್ರತಿ: ಕಾರ್ಯನಿರ್ವಾಹಕ ಅಧಿಕಾರಿಗಳು, ತಾಲ್ಲೂಕು ಪಂಚಾಯಿತಿ.

ಪತ್ರ ಇಷ್ಟೇ. ಇದರಲ್ಲಿ ಸಿಟ್ಟಿನ ಮಾತಿಲ್ಲ, ಯಾರ ಮೇಲೂ ಆರೋಪವಿಲ್ಲ. ಕೊನೆಯ ಸಾಲು ಸಣ್ಣದಾಗಿ ಕಂಡರೂ ಮುಖ್ಯ. ಉದ್ಯೋಗ ಖಾತರಿಯಲ್ಲಿ ತಾಲ್ಲೂಕು ಪಂಚಾಯಿತಿಯ ಇಒ ಅವರೇ ಕಾರ್ಯಕ್ರಮ ಅಧಿಕಾರಿ. ಅವರು ತಮಗೆ ಬಂದ ಪ್ರತಿ ದೂರನ್ನೂ ರಿಜಿಸ್ಟರ್‌ನಲ್ಲಿ ಬರೆದು ಏಳು ದಿನದೊಳಗೆ ಇತ್ಯರ್ಥ ಮಾಡಬೇಕು ಎಂದು ಕಾಯ್ದೆಯ 23ನೇ ಕಲಮು ಹೇಳುತ್ತದೆ. ಮೊಹರು ಬಿದ್ದ ಪ್ರತಿ ನಮ್ಮ ಕೈಯಲ್ಲಿ ಇದ್ದರೆ ಮಾತ್ರ ಆ ಏಳು ದಿನವನ್ನು ಎಣಿಸಬಹುದು. ಅಲ್ಲಿಯೂ ಕೆಲಸ ಆಗದಿದ್ದರೆ ಜಿಲ್ಲೆಯಲ್ಲಿ ಓಂಬುಡ್ಸ್‌ಪರ್ಸನ್ ಇದ್ದಾರೆ. ಅವರೂ ಮೊದಲು ಕೇಳುವುದು ನೀವು ಯಾವತ್ತು ಬರೆದುಕೊಟ್ಟಿರಿ ಎಂದೇ.

ಈಗ ಪರಿಹಾರದ ಲೆಕ್ಕಕ್ಕೆ ಬರೋಣ. ಕಾಮರ್ಸ್ ಓದುವವರಿಗೆ ಇದು ಸರಳ ಬಡ್ಡಿಯ ಲೆಕ್ಕ. 2,094 ರೂಪಾಯಿಗೆ ದಿನಕ್ಕೆ ಶೇಕಡಾ 0.05 ಅಂದರೆ ಒಂದು ರೂಪಾಯಿ ಐದು ಪೈಸೆಯಷ್ಟು. ಕೊನೆಗೆ ಕೂಲಿ ಜಮಾ ಆದದ್ದು ಜುಲೈ 15ರಂದು. ಜೂನ್ 4ರಿಂದ ಅಲ್ಲಿಯವರೆಗೆ ನಲವತ್ತೆರಡು ದಿನ. ಒಬ್ಬರಿಗೆ ಬರಬೇಕಾದ ಪರಿಹಾರ ಸುಮಾರು 44 ರೂಪಾಯಿ.

ಇದನ್ನು ಹೇಳಿದಾಗ ಕ್ಲಾಸಿನಲ್ಲಿ ಕೆಲವರು ನಕ್ಕರು. ನಲವತ್ತನಾಲ್ಕು ರೂಪಾಯಿಗೆ ಇಷ್ಟು ರಗಳೆ ಯಾಕೆ ಎಂದರು. ನಗು ಬರುವುದು ಸಹಜ. ಆದರೆ ಇನ್ನೊಂದು ಕಡೆಯ ಲೆಕ್ಕವನ್ನೂ ನೋಡಬೇಕು. ಕೂಲಿ ಬರಲಿಲ್ಲ ಎಂದು ಖಾಲಾ ಜೂನ್ 1ಕ್ಕೆ ಓಣಿಯಲ್ಲಿ ಎರಡು ಸಾವಿರ ರೂಪಾಯಿ ಕೈಗಡ ತೆಗೆದರು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಒಂದೂವರೆ ತಿಂಗಳಿಗೆ 90 ರೂಪಾಯಿ ಆಯಿತು. ಸರ್ಕಾರ ಕೊಡಬೇಕಾದ ಪರಿಹಾರದ ದರ ವರ್ಷಕ್ಕೆ ಹದಿನೆಂಟೂಕಾಲು ಪರ್ಸೆಂಟ್, ಖಾಲಾ ಕಟ್ಟಿದ ಬಡ್ಡಿ ವರ್ಷಕ್ಕೆ ಮೂವತ್ತಾರು ಪರ್ಸೆಂಟ್. ಪರಿಹಾರ ಪೂರ್ತಿ ಬಂದರೂ ಅರ್ಧ ನಷ್ಟ ಅವರದೇ. ಹೀಗೆ ನೋಡಿದರೆ ಕೆರೆಯಲ್ಲಿ ಮಣ್ಣು ಹೊತ್ತ ಹೆಂಗಸರು ಸರ್ಕಾರಕ್ಕೆ ಬಡ್ಡಿಯಿಲ್ಲದ ಸಾಲ ಕೊಟ್ಟ ಹಾಗಾಯಿತು, ಅದೂ ತಾವು ಬಡ್ಡಿಗೆ ತಂದು.

ನನ್ನ ದೃಷ್ಟಿಯಲ್ಲಿ ಪರಿಹಾರ ಕೇಳುವುದರ ಲಾಭ ಆ 44 ರೂಪಾಯಿಗಿಂತ ದೊಡ್ಡದು. ಪರಿಹಾರ ಕೊಡಬೇಕಾದರೆ ತಡ ಎಷ್ಟು ದಿನ, ಯಾರ ಮೇಜಿನ ಮೇಲೆ ಆಯಿತು ಎಂದು ಬರೆಯಲೇಬೇಕು. ರಾಜ್ಯದ ಹಂತದಲ್ಲಿ ತಡವಾದರೆ ಆ ಹಣವನ್ನು ಮೊದಲು ಸರ್ಕಾರ ಕೊಟ್ಟು, ಆಮೇಲೆ ಕಾರಣರಾದ ಸಿಬ್ಬಂದಿಯಿಂದ ವಸೂಲಿ ಮಾಡಬೇಕು ಎಂಬ ನಿಯಮವಿದೆ. ಅಕೌಂಟೆನ್ಸಿಯಲ್ಲಿ ನಾವು ಕೊಡಬೇಕಾದ ಕೂಲಿಯನ್ನು ಆ ವರ್ಷದ ಪುಸ್ತಕದಲ್ಲೇ ಹೊಣೆ ಎಂದು ತೋರಿಸುತ್ತೇವೆ. ತೋರಿಸದಿದ್ದರೆ ಮೇಷ್ಟ್ರು ಅಂಕ ಕಳೆಯುತ್ತಾರೆ. ಪಂಚಾಯಿತಿಯಲ್ಲೂ ತಡವನ್ನು ಪುಸ್ತಕಕ್ಕೆ ಹತ್ತಿಸುವ ದಾರಿ ಈ ಪರಿಹಾರದ ಬೇಡಿಕೆಯೇ. ಅದನ್ನು ಕೇಳದಿದ್ದರೆ ಕೂಲಿ ಬಂದ ದಿನ ಎಲ್ಲರೂ ಖುಷಿಯಾಗಿ ಮನೆಗೆ ಹೋಗುತ್ತಾರೆ. ಮುಂದಿನ ಬೇಸಿಗೆಯಲ್ಲಿ ಮತ್ತೆ ಅದೇ ಮೂವತ್ತಮೂರು ದಿನ.

ಇನ್ನೊಂದು ಪಕ್ಷದ ಮಾತನ್ನೂ ಹೇಳಬೇಕು. ಪತ್ರ ಕೊಟ್ಟ ದಿನ ಅಲ್ಲಿನ ಸಿಬ್ಬಂದಿಯೊಬ್ಬರು ನಮ್ಮನ್ನು ಕೂರಿಸಿ ಮಾತಾಡಿದರು. ಅಳತೆ ಮಾಡುವ ಎಂಜಿನಿಯರ್ ಒಬ್ಬರೇ, ಅವರಿಗೆ ಹಲವು ಪಂಚಾಯಿತಿ. ಮೇ ತಿಂಗಳಲ್ಲಿ ಎಲ್ಲ ಊರಲ್ಲೂ ಒಂದೇ ಸಲ ಕೆಲಸ ನಡೆಯುತ್ತದೆ. ಅಳತೆ ಬರದೆ ಕೂಲಿ ಪಟ್ಟಿ ಮಾಡಲು ಕಂಪ್ಯೂಟರ್ ಬಿಡುವುದಿಲ್ಲ. ಇದು ನಿಜವೇ ಇರಬೇಕು. ಆದರೆ ನಿಜವಾಗಿದ್ದರೆ ಅದನ್ನು ಬರೆದುಕೊಡುವುದರಿಂದ ಅವರಿಗೇ ಒಳ್ಳೆಯದಲ್ಲವೇ? "ಅಳತೆ ತಡವಾದ್ದರಿಂದ ಎಫ್‌ಟಿಒ ತಡವಾಯಿತು" ಎಂಬ ಒಂದು ಸಾಲು ಹತ್ತು ಪಂಚಾಯಿತಿಗಳಿಂದ ತಾಲ್ಲೂಕಿಗೆ ಹೋದರೆ ಇನ್ನೊಬ್ಬ ಎಂಜಿನಿಯರ್ ಬೇಕು ಎಂಬ ಬೇಡಿಕೆಗೆ ಅದೇ ದಾಖಲೆ. "ಮೇಲಿಂದ ಬಂದಿಲ್ಲ" ಎಂದು ಬಾಯಲ್ಲಿ ಹೇಳಿದರೆ ಯಾರ ಕಷ್ಟವೂ ದಾಖಲಾಗುವುದಿಲ್ಲ.

ಮೇಲಿನವರೂ ಸರಿಯಾಗಿ ನಡೆದುಕೊಂಡಿಲ್ಲ ಎಂಬುದನ್ನು ಮರೆಯಬಾರದು. ಜೂನ್ 20ಕ್ಕೆ ಇಲ್ಲಿಂದ ಹೋದ ಆದೇಶಕ್ಕೆ ಏಳು ದಿನದಲ್ಲಿ, ಅಂದರೆ ಜೂನ್ 27ಕ್ಕೆ ದುಡ್ಡು ಬರಬೇಕಿತ್ತು, ಬಂದದ್ದು ಜುಲೈ 15. ಇಲ್ಲಿ ಇಪ್ಪತ್ತೈದು ದಿನ ತಡ, ಅಲ್ಲಿ ಹದಿನೆಂಟು ದಿನ ತಡ. ಎರಡನೇ ಹಂತದ ತಡಕ್ಕೂ ಪರಿಹಾರ ಸಲ್ಲುತ್ತದೆ, ಕೇಂದ್ರ ಸರ್ಕಾರ ಆ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಸ್ವರಾಜ್ ಅಭಿಯಾನ್ ಪ್ರಕರಣದಲ್ಲಿ 2018ರ ಮೇ 18ರಂದು ಹೇಳಿದೆ. ಆದ್ದರಿಂದ ಪರಿಹಾರವನ್ನು ಜಮಾ ಆದ ದಿನದವರೆಗೂ ಎಣಿಸಿ ಕೇಳಬೇಕು, ಎಫ್‌ಟಿಒ ದಿನಕ್ಕೆ ನಿಲ್ಲಿಸಬಾರದು. ಆದರೆ ದೆಹಲಿಯ ಹದಿನೆಂಟು ದಿನವನ್ನು ಗ್ರಾಮ ಪಂಚಾಯಿತಿ ಕಡಿಮೆ ಮಾಡಲಾರದು. ಪಂಚಾಯಿತಿಗೆ ಬರೆಯುವ ಪತ್ರದ ಮಿತಿ ಅದು. ಎರಡು ತಡವನ್ನೂ ಬೇರೆ ಬೇರೆ ಎಣಿಸಿ ಇಟ್ಟಿದ್ದರೆ ಮಾತ್ರ ಯಾರನ್ನು ಏನು ಕೇಳಬೇಕೆಂದು ತಿಳಿಯುತ್ತದೆ.

ಪತ್ರದ ಎರಡನೇ ಪ್ರಶ್ನೆ ಯಾಕೆ ಎಂಬುದು ಜುಲೈ 15ಕ್ಕೆ ಗೊತ್ತಾಯಿತು. ಆ ದಿನ ಹನ್ನೆರಡು ಜನರಿಗೆ ಜಮಾ ಆಯಿತು, ಇಬ್ಬರಿಗೆ ಆಗಲಿಲ್ಲ. 2024ರ ಜನವರಿಯಿಂದ ಕೂಲಿ ಹೋಗುವುದು ಆಧಾರ್ ಮೂಲಕ ಮಾತ್ರ. ಪಾಸ್‌ಬುಕ್‌ನ ನಂಬರ್ ಏನೇ ಇರಲಿ, ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆ ಆಗಿದೆಯೋ ಆ ಖಾತೆಗೆ ದುಡ್ಡು ಹೋಗುತ್ತದೆ. ಒಬ್ಬರು ಗೃಹಲಕ್ಷ್ಮಿಗಾಗಿ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದು ಆಧಾರ್ ಜೋಡಿಸಿದ್ದರು. ಕೂಲಿ ಅಲ್ಲಿಗೆ ಹೋಗಿ ಕೂತಿತ್ತು, ಅವರು ಹಳೆಯ ಪಾಸ್‌ಬುಕ್ಕನ್ನೇ ಎಂಟ್ರಿ ಮಾಡಿಸುತ್ತಿದ್ದರು. ಇನ್ನೊಬ್ಬರ ಪಾವತಿ ನಿಜವಾಗಿಯೂ ತಿರಸ್ಕಾರ ಆಗಿತ್ತು. ಅವರ ಆಧಾರ್ ಜೋಡಣೆಯನ್ನು ಬ್ಯಾಂಕಿನಲ್ಲಿ ಸರಿಪಡಿಸಿ, ಪಂಚಾಯಿತಿಯಲ್ಲಿ ಮತ್ತೆ ಪಾವತಿಗೆ ಹಾಕಿಸಬೇಕಾಯಿತು. ಇದನ್ನು ಯಾರೂ ತಾವಾಗಿ ಬಂದು ಹೇಳುವುದಿಲ್ಲ. ಹೆಸರು ಹಿಡಿದು ಕೇಳಿದ್ದರಿಂದ ಗೊತ್ತಾಯಿತು, ಇಲ್ಲದಿದ್ದರೆ ಆಕೆ ಇನ್ನೂ "ಮೇಲಿಂದ" ಬರುವುದನ್ನೇ ಕಾಯುತ್ತಿದ್ದರು.

ಕೊನೆಯದಾಗಿ ಭಯದ ವಿಷಯ. ಪತ್ರಕ್ಕೆ ಸಹಿ ಹಾಕುವ ಮೊದಲು ಖಾಲಾ ಕೇಳಿದ್ದು ಒಂದೇ ಪ್ರಶ್ನೆ: "ಬರೆದುಕೊಟ್ಟರೆ ಮುಂದಿನ ಸಲ ನಮಗೆ ಕೆಲಸ ಕೊಡ್ತಾರಾ?" ಈ ಭಯ ಸುಳ್ಳಲ್ಲ. ಅದಕ್ಕೇ ಒಬ್ಬರ ಹೆಸರಿನಲ್ಲಿ ಬರೆಯದೆ ಇಡೀ ಎನ್‌ಎಂಆರ್‌ನಲ್ಲಿದ್ದ ಎಲ್ಲರ ಸಹಿ, ಹೆಬ್ಬೆಟ್ಟು ಹಾಕಿಸಿದೆವು. ಹದಿನಾಲ್ಕು ಜನರಲ್ಲಿ ನಮ್ಮವರು ಐದು ಮಂದಿ, ಉಳಿದವರು ಬೇರೆ ಬೇರೆ ಓಣಿಯವರು. ಒಂದೇ ಪಟ್ಟಿಯಲ್ಲಿ ಕೆಲಸ ಮಾಡಿದವರೆಲ್ಲ ಒಟ್ಟಿಗೆ ಸಹಿ ಮಾಡಿದರೆ ಯಾರೊಬ್ಬರನ್ನೂ ದೂರು ಕೊಟ್ಟವರು ಎಂದು ಬೇರೆ ಮಾಡಲು ಬರುವುದಿಲ್ಲ. ಮುಂದಿನ ಕೆಲಸಕ್ಕೂ ಅರ್ಜಿಯನ್ನು ಬರೆದೇ ಕೊಟ್ಟು ತಾರೀಖಿನ ಸ್ವೀಕೃತಿ ಪಡೆದರೆ, ಹದಿನೈದು ದಿನದೊಳಗೆ ಕೆಲಸ ಕೊಡದಿದ್ದಾಗ ನಿರುದ್ಯೋಗ ಭತ್ಯೆ ಕೇಳುವ ಹಕ್ಕೂ ಇದೆ. ಭಯಕ್ಕೂ ಮದ್ದು ಕಾಗದವೇ.

ಪರಿಹಾರದ ಹಣ ಇದನ್ನು ಬರೆಯುವ ಹೊತ್ತಿಗೆ ಬಂದಿಲ್ಲ. ಎರಡನೇ ಪತ್ರ ಇಒ ಅವರ ಹೆಸರಿಗೆ ಸಿದ್ಧವಾಗಿದೆ. ಅದರ ಜೊತೆಗೆ ಮೊದಲ ಪತ್ರದ ಮೊಹರು ಬಿದ್ದ ಪ್ರತಿ ಮತ್ತು ಜುಲೈ 15ರ ಪಾಸ್‌ಬುಕ್ ಎಂಟ್ರಿಯ ಜೆರಾಕ್ಸ್ ಇಟ್ಟಿದ್ದೇವೆ.

ನಮ್ಮ ಕನ್ನಡ ಅಧ್ಯಾಪಕರಲ್ಲಿ ಒಂದು ಮನವಿ ಮಾಡಿಕೊಂಡು ಮುಗಿಸುತ್ತೇನೆ. ಪತ್ರಲೇಖನದಲ್ಲಿ ನಾವು ಪ್ರವಾಸಕ್ಕೆ ಹಣ ಕಳಿಸಿ ಎಂದು ತಂದೆಗೆ ಬರೆಯುತ್ತೇವೆ, ಬೀದಿ ದೀಪ ಸರಿಪಡಿಸಿ ಎಂದು ನಗರಸಭೆಗೆ ಬರೆಯುತ್ತೇವೆ. ಈ ವರ್ಷ ಒಂದು ಸಲ ಬಾಕಿ ಕೂಲಿಯ ಪತ್ರ ಕೊಡಿ. ಜಾಬ್ ಕಾರ್ಡ್ ಇರುವ ಮನೆಯವರು ಅದನ್ನು ತರಲಿ, ಇಲ್ಲದವರು ಪಕ್ಕದ ಬೆಂಚಿನವರ ಕಾರ್ಡ್ ನೋಡಿ ಬರೆಯಲಿ. ಪಟ್ಟಿ ಮುಚ್ಚಿದ ದಿನ, ಎಫ್‌ಟಿಒ ದಿನ, ಜಮಾ ಆದ ದಿನ ಈ ಮೂರು ತಾರೀಖು ಇಲ್ಲದ ಪತ್ರಕ್ಕೆ ಅಂಕ ಕೊಡಬೇಡಿ. ಅಂಕ ಪಡೆದ ಪತ್ರಗಳನ್ನು ಮನೆಯವರು ಸಹಿ ಹಾಕಿ ನೇರವಾಗಿ ಪಂಚಾಯಿತಿಗೇ ಕೊಡಬಹುದು.